ಗಡಿ ದಾಟುವ ಮುನ್ನವೇ ಕುಗ್ಗಿಸಿ
ಕ್ಲೌಡ್‌ಗೆ ಡೇಟಾ ತುಂಬಲು ಸಾಮಾನ್ಯವಾಗಿ ಸಾಗಣೆ ಶುಲ್ಕವಿಲ್ಲ, ಹೊರಗೆ ಒಯ್ಯಲು ಇದೆ. ಅಮೆಜಾನ್‌ನ ವರ್ಜೀನಿಯಾ ಕೇಂದ್ರದಿಂದ ಪ್ರತಿ ರಾತ್ರಿ 50 ಜಿಬಿ ಲಾಗ್ ಕಡತಗಳು ಗೂಗಲ್ ಕ್ಲೌಡ್‌ಗೆ ಹೋಗುತ್ತವೆ ಎನ್ನಿ. ತಿಂಗಳಿಗೆ 1,500 ಜಿಬಿ. ಮೊದಲ 100 ಜಿಬಿ ಉಚಿತ, ಉಳಿದದ್ದಕ್ಕೆ ಜಿಬಿಗೆ 9 ಸೆಂಟ್‌ನಂತೆ 126 ಡಾಲರ್.

ಲಾಗ್ ಎಂದರೆ ಒಂದೇ ಬಗೆಯ ಸಾಲುಗಳ ಪುನರಾವರ್ತನೆ, ಹಾಗಾಗಿ ಚೆನ್ನಾಗಿ ಕುಗ್ಗುತ್ತದೆ. ಎಂಟನೇ ಒಂದು ಭಾಗಕ್ಕೆ ಇಳಿದರೆ ಬಿಲ್ಲು ಸುಮಾರು 8 ಡಾಲರ್. ಆದರೆ ಕುಗ್ಗಿಸುವ ಯಂತ್ರ ಅಮೆಜಾನ್‌ನ ಅದೇ ಕೇಂದ್ರದಲ್ಲಿರಬೇಕು. ಗೂಗಲ್ ಕಡೆ ತಲುಪಿದ ಮೇಲೆ ಕುಗ್ಗಿಸಿದರೆ ಜಾಗ ಉಳಿಯುತ್ತದೆಯೇ ಹೊರತು ಸಾಗಣೆಯ ದುಡ್ಡಲ್ಲ. ಜೆಪಿಜಿ ಚಿತ್ರ, ವಿಡಿಯೊಗಳು ಮೊದಲೇ ಕುಗ್ಗಿರುವುದರಿಂದ ಅವುಗಳ ಮೇಲೆ ಈ ಶ್ರಮ ವ್ಯರ್ಥ.

```
gzip -n logs/*.log
rclone copy logs gcs:backup --checksum
```

ಇಲ್ಲಿನ `-n` ಅನ್ನು ಮರೆಯಬೇಡಿ. ಅದಿಲ್ಲದಿದ್ದರೆ ಮೂಲ ಕಡತದ ಹೆಸರು, ಸಮಯವೂ ಒಳಗೆ ಸೇರುತ್ತವೆ. ಅದೇ ಲಾಗನ್ನು ಮತ್ತೆ ಇಳಿಸಿ ಕುಗ್ಗಿಸಿದಾಗ ಸಮಯ ಬದಲಾದರೆ, ಚೆಕ್‌ಸಮ್ಮೂ ಬದಲಾಗಿ ಹಳೆಯ ಕಡತವೇ ಮತ್ತೆ ರವಾನೆಯಾಗುತ್ತದೆ. ಹೊಸ ಲಾಗ್ ಇಲ್ಲದ ರಾತ್ರಿಯೂ ರವಾನೆ ನಡೆದಿದ್ದರೆ ಮೊದಲು ಇದನ್ನೇ ನೋಡಿ. ದಿನಕ್ಕೊಂದು ಕಡತವಾಗಿಯೇ ಕುಗ್ಗಿಸಿ. ತಿಂಗಳ ಲಾಗನ್ನೆಲ್ಲ ಒಂದೇ ಗಂಟು ಕಟ್ಟಿದರೆ, ಒಂದು ದಿನದ್ದು ಸೇರಿದಾಗಲೂ ಇಡೀ ಗಂಟೇ ಹೊರಡುತ್ತದೆ.