ಕೇಕಿಗೆ 170, ಕಡಲೆಬೀಜಕ್ಕೆ 160

ನಿವೃತ್ತ ಟೀಚರೊಬ್ಬರ ಮನೆಗೆ ಕನ್ವೆಕ್ಷನ್ ಮೈಕ್ರೋವೇವ್ ಬಂದಿದೆ. ಕಾಫಿ ಬಿಸಿ ಮಾಡುವುದು ಬಿಟ್ಟು ಅದರಲ್ಲಿ ಇನ್ನೇನೂ ನಡೆದಿಲ್ಲ. "ಅಲ್ಯೂಮಿನಿಯಂ ಟಿನ್ ಒಳಗಿಡಬಹುದೋ, ಬಾರದೋ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ" ಎನ್ನುವುದು ಅವರ ತಕರಾರು.

ಎರಡೂ ಮಾತು ಸರಿಯೇ. ಈ ಒಂದೇ ಪೆಟ್ಟಿಗೆಯಲ್ಲಿ ಎರಡು ಒಲೆಗಳಿವೆ. ಮೈಕ್ರೋ ಮೋಡ್‌ನಲ್ಲಿ ಅಲೆಗಳು ಮುಖ್ಯವಾಗಿ ಆಹಾರದೊಳಗಿನ ನೀರನ್ನು ಬಿಸಿ ಮಾಡುತ್ತವೆ. ಲೋಹ ಇಟ್ಟರೆ ಕಿಡಿ ಹಾರಬಹುದು. ಕನ್ವೆಕ್ಷನ್ ಮೋಡ್‌ನಲ್ಲಿ ಕೆಲಸ ಮಾಡುವುದು ಕಾಯಿಲ್ ಮತ್ತು ಫ್ಯಾನ್. ಬಿಸಿಗಾಳಿ ಸುತ್ತಿ ಸುತ್ತಿ ಮೇಲ್ಮೈಯನ್ನು ಕೆಂಪಗೆ ಮಾಡುತ್ತದೆ. ಅಲ್ಲಿ ಅಲ್ಯೂಮಿನಿಯಂ ಟಿನ್ ಧಾರಾಳವಾಗಿ ಇಡಬಹುದು, ಪ್ಲಾಸ್ಟಿಕ್ ಮಾತ್ರ ಕೂಡದು. ಮೈಕ್ರೋವೇವ್‌ಗೆಂದೇ ಕೊಂಡ ಪ್ಲಾಸ್ಟಿಕ್ ಡಬ್ಬಿಯೂ ಆ ಶಾಖಕ್ಕೆ ಕರಗುತ್ತದೆ. ಎರಡೂ ಒಲೆ ಒಟ್ಟಿಗೆ ಉರಿಯುವ ಕಾಂಬಿ ಮೋಡನ್ನು ಸದ್ಯಕ್ಕೆ ಮುಟ್ಟದಿರುವುದೇ ವಾಸಿ.

ಮೊದಲ ಕೇಕಿಗೆ ಮೊಟ್ಟೆಯಿಲ್ಲದ, ಮೊಸರಿನದು ಒಳ್ಳೆಯದು. ಗಿಡ್ಡ ಸ್ಟ್ಯಾಂಡನ್ನು ಒಳಗಿಟ್ಟು, ಕನ್ವೆಕ್ಷನ್‌ನಲ್ಲಿ 180 ಡಿಗ್ರಿ ಸೆಲ್ಸಿಯಸ್‌ಗೆ ಪ್ರೀಹೀಟ್ ಮಾಡಿ. ಖಾಲಿ ಒವನ್ ಕಾಯಿಸುವುದು ಈ ಮೋಡ್‌ನಲ್ಲಿ ಮಾತ್ರ. ಮೈಕ್ರೋದಲ್ಲಿ ಖಾಲಿ ಓಡಿಸಿದರೆ ಯಂತ್ರವೇ ಕೆಡಬಹುದು.

ಅದು ಕಾಯುವಷ್ಟರಲ್ಲಿ ಒಂದು ಕಪ್ ಗಟ್ಟಿ ಮೊಸರಿಗೆ ಮುಕ್ಕಾಲು ಕಪ್ ಸಕ್ಕರೆ ಕರಗಿಸಿ, ಒಂದೂಕಾಲು ಟೀ ಚಮಚ ಬೇಕಿಂಗ್ ಪೌಡರ್, ಅರ್ಧ ಟೀ ಚಮಚ ಅಡುಗೆ ಸೋಡ ಹಾಕಿ. ಐದು ನಿಮಿಷದಲ್ಲಿ ನೊರೆಗುಳ್ಳೆ ಏಳುತ್ತದೆ. ಆಮೇಲೆ ಅರ್ಧ ಕಪ್ ಎಣ್ಣೆ, ಚೂರು ವೆನಿಲಾ, ಜರಡಿ ಹಿಡಿದ ಒಂದೂವರೆ ಕಪ್ ಮೈದಾ ಸೇರಿಸಿ ಗಂಟಿಲ್ಲದಂತೆ ಕಲಸಿ. ಹೆಚ್ಚು ತಿರುವಿದರೆ ಕೇಕು ಗಟ್ಟಿಯಾಗುತ್ತದೆ. ಎಣ್ಣೆ ಸವರಿದ ಏಳಿಂಚಿನ ದುಂಡು ಟಿನ್‌ಗೆ ಸುರಿಯಿರಿ.

ಪ್ರೀಹೀಟ್ ಮುಗಿದ ಬೀಪ್ ಕೇಳಿಸಿದ ಮೇಲೆ ಟಿನ್ ಇಟ್ಟು, ಉಷ್ಣತೆ 170ಕ್ಕೆ ಇಳಿಸಿ, 35 ನಿಮಿಷ ಕೊಟ್ಟು ಮತ್ತೆ ಸ್ಟಾರ್ಟ್ ಒತ್ತಬೇಕು. ಹಲವು ಒವನ್‌ಗಳು ತಾವಾಗಿಯೇ ಬೇಕಿಂಗ್ ಶುರುಮಾಡುವುದಿಲ್ಲ. ಮೊದಲ 25 ನಿಮಿಷ ಬಾಗಿಲು ತೆರೆಯಬೇಡಿ, ಉಬ್ಬಿದ ನಡುಭಾಗ ಕುಸಿದೀತು. ಕೊನೆಗೆ ಮಧ್ಯಕ್ಕೆ ಚುಚ್ಚಿದ ಕಡ್ಡಿಗೆ ಹಸಿ ಹಿಟ್ಟು ಅಂಟದಿದ್ದರೆ ಬೆಂದಿದೆ ಎಂದರ್ಥ. ಅಂಟಿದರೆ ಇನ್ನೈದು ನಿಮಿಷ.

ಮೇಲೆ ಕಂದಾಗಿ ಬಿರಿದು, ಒಳಗೆ ಹಸಿಯಾಗಿಯೇ ಉಳಿಯಿತೆನ್ನಿ. ಉರಿ ಜಾಸ್ತಿಯಾಯಿತು. ಚಿಕ್ಕ ಒವನ್‌ನಲ್ಲಿ ಕೇಕಿನ ತಲೆ ಮೇಲಿನ ಬಿಸಿಗೆ ಹತ್ತಿರವಿರುತ್ತದೆ. ಮುಂದಿನ ಸಲ 160ರಲ್ಲಿ ಹತ್ತು ನಿಮಿಷ ಹೆಚ್ಚು ಬೇಯಿಸಿ ನೋಡಿ.

ಹುರಿಯುವುದು ಇಷ್ಟು ಕಷ್ಟವಲ್ಲ. ಕಡಲೆಬೀಜವನ್ನು ತಟ್ಟೆಯಲ್ಲಿ ಒಂದೇ ಪದರ ಹರಡಿ, ಮೊದಲೇ ಕಾಯಿಸಿದ ಒವನ್‌ನಲ್ಲಿ 160ಕ್ಕೆ 12ರಿಂದ 15 ನಿಮಿಷ ಇಡಿ, ನಡುವೆ ಒಮ್ಮೆ ಕೈಯಾಡಿಸಿ. ಉಜ್ಜಿದರೆ ಸಿಪ್ಪೆ ಬಿಡುವಷ್ಟಾದಾಗ ತೆಗೆದುಬಿಡಿ, ಉಳಿದದ್ದು ತನ್ನ ಬಿಸಿಯಲ್ಲೇ ಹುರಿದುಕೊಳ್ಳುತ್ತದೆ. ಆಲೂಗಡ್ಡೆ ಹೋಳಿಗೆ 200 ಬೇಕು: ಅರೆ ಬೇಯಿಸಿ, ನೀರು ಪೂರ್ತಿ ಆರಿಸಿ, ಎಣ್ಣೆ ಉಪ್ಪು ಸವರಿ ಅರ್ಧ ಗಂಟೆ. ನೀರಿನ ಪಸೆ ಉಳಿದರೆ ಗರಿಯಾಗದು.

ಕೆಲಸ ಮುಗಿದ ಮೇಲೂ ಫ್ಯಾನ್ ಸ್ವಲ್ಪ ಹೊತ್ತು ತಿರುಗುತ್ತಿದ್ದರೆ ಗೋಡೆಯ ಸ್ವಿಚ್ ಆರಿಸಬೇಡಿ. ಒಳಗಿನ ಬಿಸಿ ತಣಿಸಲು ಅದೇ ಬೇಕು.