ಶಾಲೆಯ ಸರ್ಕ್ಯುಲರ್: ಬಿಟ್ಟುಹೋದ ಒಂದು ಮಾತು



ಜುಮಾ ಮುಗಿದು ಮಸೀದಿಯ ಮೆಟ್ಟಿಲು ಇಳಿಯುವಾಗ ನಮ್ಮ ಮುಂದೆ ಬರುವ ಮೊಬೈಲುಗಳಲ್ಲಿ ಈಗ ಹೆಚ್ಚಾಗಿ ಕಾಣುವುದು ಶಾಲೆಯ ಸರ್ಕ್ಯುಲರಿನ ಫೋಟೋ. ಪತ್ರ ಇಂಗ್ಲಿಷಿನಲ್ಲಿರುತ್ತದೆ. ಯಾರೋ ಅದರ ಫೋಟೋ ತೆಗೆದು ವಾಟ್ಸಾಪಿಗೆ ಹಾಕಿರುತ್ತಾರೆ. "ಉಸ್ತಾದರೇ, ಇದರಲ್ಲಿ ಏನು ಬರೆದಿದ್ದಾರೆ?" ಎಂದು ಕೇಳುತ್ತಾರೆ. ನಾವು ನಿಂತಲ್ಲೇ ಎರಡು ಮಾತಿನಲ್ಲಿ ಹೇಳಿ ಕಳಿಸುತ್ತಿದ್ದೆವು. ಹಾಗೆ ಹೇಳಿದ್ದರಿಂದ ಒಬ್ಬ ತಾಯಿಗೆ ನಷ್ಟವಾಯಿತು. ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತೇವೆ.

ಆ ಪತ್ರದ ಮೇಲಿದ್ದ ದಿನಾಂಕ 3-11-2025. ಎರಡನೇ ಕಂತಿನ ಫೀಸು 6,500 ರೂಪಾಯಿಯನ್ನು 'ಆನ್ ಆರ್ ಬಿಫೋರ್' 12-11-2025 ಕಟ್ಟಬೇಕು, ನಂತರ 'ಪರ್ ಡೇ' 20 ರೂಪಾಯಿ ಲೇಟ್ ಫೀ ಎಂದಿತ್ತು. ನಾವು ಅವಸರದಲ್ಲಿ, "ಹನ್ನೆರಡರೊಳಗೆ ಫೀಸು ಕಟ್ಟಿ, ತಡವಾದರೆ ಇಪ್ಪತ್ತು ರೂಪಾಯಿ ಹೆಚ್ಚು" ಎಂದೆವು. 'ದಿನಕ್ಕೆ' ಎಂಬ ಮಾತು ಬಿಟ್ಟುಹೋಯಿತು. ಆಕೆ ಬೀಡಿ ಕಟ್ಟಿ ಮಗಳನ್ನು ಓದಿಸುವವರು. ಇಪ್ಪತ್ತು ರೂಪಾಯಿ ತಾನೇ, ಸಾಲ ಮಾಡುವುದಕ್ಕಿಂತ ಕೂಲಿ ಕೈಗೆ ಬಂದ ಮೇಲೆ ಕಟ್ಟೋಣ ಎಂದು ಲೆಕ್ಕ ಹಾಕಿ ಇಪ್ಪತ್ತನೇ ತಾರೀಖಿಗೆ ಹೋದರು. 13ರಿಂದ 20ರವರೆಗೆ ಎಂಟು ದಿನ, ದಿನಕ್ಕೆ 20ರಂತೆ 160 ರೂಪಾಯಿ. "ನೀವು ಇಪ್ಪತ್ತು ಅಂದಿರಲ್ಲ, ಅಲ್ಲಿ ನೂರ ಅರುವತ್ತು ಕೇಳಿದರು" ಎಂದು ಬಂದು ಹೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ಆಕೆಯ ಲೆಕ್ಕದಲ್ಲಿ ತಪ್ಪಿರಲಿಲ್ಲ, ನಾವು ಕೊಟ್ಟ ಮಾತೇ ಅರ್ಧವಾಗಿತ್ತು.

ಅಂದಿನಿಂದ ನಾವು ಮೊದಲು ನೋಡುವುದು ಫೋಟೋವನ್ನು. ಹಾಳೆಯ ನಾಲ್ಕು ಮೂಲೆಗಳೂ ಕಾಣಬೇಕು. ಮೇಲಿನ ಅಂಚು ಕತ್ತರಿಸಿದ್ದರೆ ಯಾವ ವರ್ಷದ, ಯಾವ ತರಗತಿಯ ಪತ್ರ ಎಂಬುದು ತಿಳಿಯುವುದಿಲ್ಲ. ಕಳೆದ ವರ್ಷದ ಪತ್ರ ಮತ್ತೆ ಗ್ರೂಪುಗಳಲ್ಲಿ ಸುತ್ತುವುದೂ ಉಂಟು. ತಾರೀಖಿನ ಜೊತೆ ವಾರವನ್ನೂ ಬರೆದಿದ್ದರೆ ಕ್ಯಾಲೆಂಡರ್ ತೆಗೆದು ನೋಡಿ. ಎರಡೂ ಹೊಂದದಿದ್ದರೆ ಪತ್ರ ಹಳೆಯದಿರಬೇಕು, ಇಲ್ಲವೇ ಬರೆಯುವಾಗ ತಪ್ಪಾಗಿರಬೇಕು. ಕೆಳಗಿನ ಅಂಚಿನಲ್ಲಿ ಸಹಿಯ ಹತ್ತಿರ ಸಣ್ಣಕ್ಷರದ ಸೂಚನೆ ಇರಬಹುದು. 'ಪಿ.ಟಿ.ಓ.' ಎಂದಿದ್ದರೆ ಹಾಳೆಯ ಹಿಂದೆಯೂ ಬರಹವಿದೆ ಎಂದರ್ಥ, ಅದರ ಫೋಟೋ ಕೇಳಿ ತರಿಸಿಕೊಳ್ಳಬೇಕು.

ಎರಡನೆಯದು ತಾರೀಖು. ಪತ್ರದ ಮೇಲ್ಭಾಗದಲ್ಲಿರುವುದು ಪತ್ರ ಬರೆದ ದಿನ, ಅದನ್ನು ಕೊನೆಯ ದಿನವೆಂದು ತಿಳಿದು ಗಾಬರಿಯಾಗುವವರಿದ್ದಾರೆ. 'ಆನ್ ಆರ್ ಬಿಫೋರ್' ಎಂದರೆ ಆ ದಿನವೂ ಸೇರಿ, ಅದಕ್ಕೆ ಮೊದಲು ಎಂದರ್ಥ. ಕನ್ನಡದಲ್ಲಿ 'ಹನ್ನೆರಡರೊಳಗೆ' ಎಂದರೆ ಹನ್ನೆರಡು ಸೇರಿದೆಯೋ ಇಲ್ಲವೋ ಎಂಬ ಗೊಂದಲ ಉಳಿಯುತ್ತದೆ. ಆದ್ದರಿಂದ ನಾವೀಗ "12ನೇ ತಾರೀಖು, ಬುಧವಾರ ಕೊನೆಯ ದಿನ, ಆ ದಿನವೂ ಕಟ್ಟಬಹುದು" ಎಂದೇ ಬರೆಯುತ್ತೇವೆ. ರಜೆಯ ಪತ್ರದಲ್ಲೂ ಇದೇ ತೊಡಕು. 'ಬೋತ್ ಡೇಸ್ ಇನ್‌ಕ್ಲೂಸಿವ್' ಎಂದಿದ್ದರೆ ಮೊದಲ ಮತ್ತು ಕೊನೆಯ ದಿನಗಳೆರಡೂ ರಜೆಯೇ. ಅಲ್ಲಿ ತಾಯಂದಿರಿಗೆ ಬೇಕಾದ ಮಾತು ಒಂದೇ: ಮಗು ಮತ್ತೆ ಶಾಲೆಗೆ ಹೋಗಬೇಕಾದ ದಿನ ಯಾವುದು.

ವಾರದ ಹೆಸರಿನಲ್ಲಿ ನಮ್ಮ ಮನೆಗಳಿಗೆ ಇನ್ನೊಂದು ಎಚ್ಚರ ಬೇಕು. ಉರ್ದು ಮಾತನಾಡುವ ಮನೆಯಲ್ಲಿ ಗುರುವಾರಕ್ಕೆ ಜುಮೇರಾತ್ ಎನ್ನುತ್ತೇವೆ. ಮಗ್ರಿಬ್‌ನಿಂದ ಮರುದಿನ ಆರಂಭವಾಗುವುದರಿಂದ 'ಶುಕ್ರವಾರ ರಾತ್ರಿ' ಎಂದು ಹಿರಿಯರು ಹೇಳುವುದು ಗುರುವಾರದ ರಾತ್ರಿಯನ್ನು. ಶಾಲೆಯ ಲೆಕ್ಕ ಹಾಗಲ್ಲ. ಬಾಯಿಮಾತಿನಲ್ಲಿ ಹೇಳಿದ್ದು ಒಂದು ದಿನ ಹಿಂದೆ ಮುಂದೆ ಆಗದಿರಲು ವಾರ, ತಾರೀಖು ಎರಡನ್ನೂ ಬರೆದೇ ಕೊಡಬೇಕು.

ಮೂರನೆಯದು ಹಣ. ಎಷ್ಟು, ಯಾವುದಕ್ಕೆ, ಯಾವುದು ಸೇರಿಲ್ಲ ಎಂಬ ಮೂರೂ ಸಿಗಬೇಕು. ಅದೇ ಪತ್ರದಲ್ಲಿ 6,500 ರೂಪಾಯಿ 'ಎಕ್ಸ್‌ಕ್ಲೂಸಿವ್ ಆಫ್' ವ್ಯಾನ್ ಫೀ ಎಂದಿತ್ತು, ಅಂದರೆ ವ್ಯಾನಿನ ಹಣ ಇದರಲ್ಲಿ ಸೇರಿಲ್ಲ. 'ಇನ್‌ಕ್ಲೂಸಿವ್' ಎಂದಿದ್ದರೆ ಸೇರಿದೆ. ಎರಡು ಪದಗಳು ಕೇಳಲು ಹತ್ತಿರ, ಅರ್ಥ ತದ್ವಿರುದ್ಧ. 'ನಾನ್ ರಿಫಂಡೆಬಲ್' ಎಂದರೆ ಕಟ್ಟಿದ ಹಣ ಹಿಂದೆ ಬರುವುದಿಲ್ಲ, ಪ್ರವಾಸದ ಹಣ ಕಟ್ಟುವ ಮೊದಲು ಇದನ್ನು ತಿಳಿದಿರಬೇಕು. ಹಣವನ್ನು ಬ್ಯಾಂಕಿನ ಚಲನಿನಲ್ಲಿ ಕಟ್ಟಬೇಕೆಂದೂ ಆ ಪತ್ರದಲ್ಲಿತ್ತು. ನವೆಂಬರ್ 8 ಎರಡನೇ ಶನಿವಾರ, 9 ಭಾನುವಾರ, ಎರಡು ದಿನವೂ ಬ್ಯಾಂಕಿಲ್ಲ. ಕೊನೆಯ ದಿನ 12 ಆದರೂ ಕೈಯಲ್ಲಿರುವ ದಿನಗಳು ಅಷ್ಟು ಕಡಿಮೆ. ಲೇಟ್ ಫೀ ಎಣಿಸುವಾಗ ಭಾನುವಾರ ಸೇರುತ್ತದೆಯೇ ಎಂಬುದು ಪತ್ರದಲ್ಲಿರಲಿಲ್ಲ. ಇಂತಹದನ್ನು ನಾವು ಊಹಿಸಿ ಹೇಳಬಾರದು, "ಇದನ್ನು ಆಫೀಸಿನಲ್ಲಿ ಕೇಳಿ" ಎಂದು ಬರೆಯಬೇಕು.

ಕೊನೆಯದು ಸೂಚನೆ. 14ನೇ ತಾರೀಖು ಮಕ್ಕಳ ದಿನಾಚರಣೆ, ಪೋಷಕರು ತಮ್ಮ 'ವಾರ್ಡ್'ಗಳನ್ನು 12.30ಕ್ಕೆ ಖುದ್ದಾಗಿ ಕರೆದುಕೊಂಡು ಹೋಗಬೇಕು, ವ್ಯಾನ್ ಇರುವುದಿಲ್ಲ ಎಂದಿತ್ತು. 'ವಾರ್ಡ್' ಎಂದರೆ ಇಲ್ಲಿ ನಿಮ್ಮ ಮಗು. 'ರಿಕ್ವೆಸ್ಟೆಡ್' ಎಂದು ವಿನಯದಿಂದ ಬರೆದಿದ್ದರೂ ಅದು ಮಾಡಲೇಬೇಕಾದ ಕೆಲಸ, ವ್ಯಾನ್ ಬಾರದಿದ್ದರೆ ಮಗು ಗೇಟಿನ ಬಳಿ ಒಂಟಿಯಾಗುತ್ತದೆ. ಆ ದಿನ ಶುಕ್ರವಾರ. ಹನ್ನೆರಡೂವರೆಗೆ ತಂದೆಯರು ಜುಮಾಕ್ಕೆ ಹೊರಟಿರುತ್ತಾರೆ. ಹಾಗಾಗಿ ತಾಯಿಯೋ ಚಿಕ್ಕಮ್ಮನೋ ಹೋಗಬೇಕೆಂದು ಹಿಂದಿನ ದಿನವೇ ನಿಶ್ಚಯಿಸಿ, ಯಾರು ಬರುತ್ತಾರೆಂದು ತರಗತಿಯ ಟೀಚರಿಗೆ ತಿಳಿಸಬೇಕಾಗುತ್ತದೆ.

ಈಗ ಅದೇ ಪತ್ರವನ್ನು ನಾವು ಹೀಗೆ ಬರೆದು ಕಳಿಸುತ್ತೇವೆ:

"ಪತ್ರ ಬರೆದ ದಿನ: 3-11-2025, ಸೋಮವಾರ.
ಫೀಸು: ಎರಡನೇ ಕಂತು 6,500 ರೂ. ವ್ಯಾನಿನ ಹಣ ಬೇರೆ.
ಕೊನೆಯ ದಿನ: 12-11-2025, ಬುಧವಾರ. ಆ ದಿನವೂ ಕಟ್ಟಬಹುದು. ಬ್ಯಾಂಕಿನಲ್ಲಿ ಚಲನ್ ಮೂಲಕ. 8 ಮತ್ತು 9ರಂದು ಬ್ಯಾಂಕ್ ರಜೆ.
ತಡವಾದರೆ: 13ರಿಂದ ಒಂದೊಂದು ದಿನಕ್ಕೂ 20 ರೂ. ಐದು ದಿನವಾದರೆ 100 ರೂ. ಭಾನುವಾರ ಲೆಕ್ಕಕ್ಕಿದೆಯೇ ಎಂದು ಆಫೀಸಿನಲ್ಲಿ ಕೇಳಿ.
14-11-2025, ಶುಕ್ರವಾರ: ಮಧ್ಯಾಹ್ನ 12.30ಕ್ಕೆ ಮಗುವನ್ನು ನೀವೇ ಕರೆತರಬೇಕು. ವ್ಯಾನ್ ಇಲ್ಲ."

ಇದರ ಜೊತೆ ಮೂಲ ಫೋಟೋವನ್ನೂ ಇಡುತ್ತೇವೆ. ಅಂಕಿಗಳು ಎರಡರಲ್ಲೂ ಒಂದೇ ಇವೆಯೇ ಎಂದು ಮನೆಯಲ್ಲಿ ಏಳನೇ ತರಗತಿಯ ಮಗುವೂ ನೋಡಿ ಹೇಳಬಲ್ಲದು. ಓದು ಬಾರದ ತಾಯಿಗೆ ಇದನ್ನೇ ಓದಿ ವಾಯ್ಸ್ ಕಳಿಸಿದ ಮೇಲೆ, "ಈಗ ನೀವು ಏನು ಮಾಡುತ್ತೀರಿ, ಹೇಳಿ" ಎಂದು ಕೇಳುತ್ತೇವೆ. ಆಕೆ ತಿರುಗಿ ಹೇಳುವಾಗ ನಾವು ಎಲ್ಲಿ ತಪ್ಪಿದ್ದೇವೆಂದು ಗೊತ್ತಾಗುತ್ತದೆ.

ಝೈದ್ ಬಿನ್ ಸಾಬಿತ್(ರ)ರು ಪ್ರವಾದಿ(ಸ)ಯವರ ಆಜ್ಞೆಯಂತೆ ಯಹೂದಿಯರ ಬರಹ ಕಲಿತು, ಬಂದ ಪತ್ರಗಳನ್ನು ಓದಿ ಹೇಳುತ್ತಿದ್ದರು, ಉತ್ತರವನ್ನೂ ಬರೆಯುತ್ತಿದ್ದರು. ಇನ್ನೊಬ್ಬರ ಪತ್ರ ಓದಿ ಹೇಳುವುದು ಅಮಾನತ್. ಅಂದು 'ದಿನಕ್ಕೆ' ಎಂಬ ಒಂದು ಮಾತನ್ನು ನುಂಗಿ ನಾವು ಅದರಲ್ಲಿ ಕಡಿಮೆ ಮಾಡಿದೆವು. ಆ ತಾಯಿಯ ಬಳಿ ಮಾಫ್ ಕೇಳಿದ್ದೇವೆ. 20 ರೂಪಾಯಿ ಕಳೆದು ಉಳಿದ 140 ರೂಪಾಯಿಯನ್ನು ನಾವೇ ಕೊಟ್ಟಿದ್ದೇವೆ.