ರಂಧ್ರಗಳ ದಾರಿ ಎಷ್ಟು ದೂರ?

ಒಂದೇ ಸಿಲಿಕಾನ್, ಒಂದೇ ಬೆರಕೆ, ಒಂದೇ 0.6 ವೋಲ್ಟ್. ಆದರೂ ಒಂದು ಡಯೋಡ್‌ನಲ್ಲಿ 0.58 ಮಿಲಿಆಂಪಿಯರ್ ಕರೆಂಟ್ ಹರಿದರೆ ಇನ್ನೊಂದರಲ್ಲಿ 3.7 ಮಿಲಿಆಂಪಿಯರ್ ಹರಿಯುತ್ತದೆ. ಎರಡಕ್ಕೂ ಇರುವ ವ್ಯತ್ಯಾಸ ಒಂದೇ: ಪಿಎನ್ ಸಂಧಿಯಿಂದ ಹಿಂಬದಿಯ ಲೋಹದವರೆಗಿನ ಎನ್-ಪದರ ಮೊದಲನೆಯದರಲ್ಲಿ 300 ಮೈಕ್ರೋಮೀಟರ್ ದಪ್ಪ, ಎರಡನೆಯದರಲ್ಲಿ ಬರೀ 5. ಪದರ ತೆಳ್ಳಗಾದರೆ ರೆಸಿಸ್ಟೆನ್ಸ್ ಕಡಿಮೆ, ಅದಕ್ಕೇ ಕರೆಂಟ್ ಜಾಸ್ತಿ ಎಂದು ಯಾರಿಗಾದರೂ ತೋಚುತ್ತದೆ. ಆದರೆ ದಪ್ಪ ಪದರದ ರೆಸಿಸ್ಟೆನ್ಸ್ ಕೂಡ ಒಂದೆರಡು ಓಮ್ ಅಷ್ಟೇ. ಈ ಕರೆಂಟಿಗೆ ಅಲ್ಲಿ ಕಳೆದುಹೋಗುವುದು ಒಂದು ಮಿಲಿವೋಲ್ಟ್ ಆಸುಪಾಸು. ಆರು ಪಟ್ಟಿನ ವ್ಯತ್ಯಾಸಕ್ಕೆ ಅದು ಏನೇನೂ ಸಾಲದು. ನಿಜವಾದ ಕಾರಣ ಒಂದು ಪುಟ್ಟ ಸಮೀಕರಣದಲ್ಲಿದೆ. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಆ ಸಮೀಕರಣಕ್ಕೆ ನಾವು ಹಾಕುವ ಗಡಿಯಲ್ಲಿದೆ.

ಯಾರು ಎಲ್ಲಿಗೆ ಬರುತ್ತಾರೆ

ಸಿಲಿಕಾನ್‌ಗೆ ರಂಜಕ ಬೆರೆಸಿದರೆ ಎಲೆಕ್ಟ್ರಾನ್‌ಗಳು ಹೇರಳವಾಗಿರುವ ಎನ್-ಬಗೆ, ಬೋರಾನ್ ಬೆರೆಸಿದರೆ ರಂಧ್ರಗಳು ಹೇರಳವಾಗಿರುವ ಪಿ-ಬಗೆ. ಎಲೆಕ್ಟ್ರಾನ್ ಇರಬೇಕಾದ ಜಾಗ ಖಾಲಿಯಾಗಿದ್ದರೆ ಅದೇ ರಂಧ್ರ. ಅದು ಧನ ಆವೇಶದ ಕಣದಂತೆ ಓಡಾಡುತ್ತದೆ. ಎರಡು ಬಗೆಗಳು ಸೇರುವ ಕಡೆ ವಾಹಕಗಳಿಲ್ಲದ ತೆಳು ವಲಯವೊಂದು ಏರ್ಪಟ್ಟು, ಅದರೊಳಗಿನ ವಿದ್ಯುತ್ ಕ್ಷೇತ್ರ ಎರಡೂ ಕಡೆಯವರನ್ನು ತಡೆಹಿಡಿಯುತ್ತದೆ. ಪಿ-ಬದಿಗೆ ಧನ, ಎನ್-ಬದಿಗೆ ಋಣ ವೋಲ್ಟೇಜ್ ಕೊಟ್ಟರೆ, ಅಂದರೆ ಫಾರ್ವರ್ಡ್ ಬಯಾಸ್ ಮಾಡಿದರೆ, ಆ ತಡೆ ತಗ್ಗುತ್ತದೆ. ಪಿ-ಬದಿಯ ರಂಧ್ರಗಳು ಎನ್-ಬದಿಗೆ ದಾಟುತ್ತವೆ. ತಮ್ಮ ಕಡೆ ಬಹುಸಂಖ್ಯಾತರಾಗಿದ್ದವು ಇಲ್ಲಿ ಅಲ್ಪಸಂಖ್ಯಾತ ವಾಹಕಗಳಾಗುತ್ತವೆ.

ತಡೆವಲಯ ಮುಗಿದ ಮೇಲೆ ಸಿಗುವುದು ತಟಸ್ಥ ವಲಯ. ಅಲ್ಲಿ ಧನ ಮತ್ತು ಋಣ ಆವೇಶಗಳು ಹೆಚ್ಚುಕಡಿಮೆ ಸಮವಾಗಿರುವುದರಿಂದ ವಿದ್ಯುತ್ ಕ್ಷೇತ್ರ ಬಹಳ ದುರ್ಬಲ. ಹಾಗೆಂದು ಸೊನ್ನೆಯಲ್ಲ. ಎಲೆಕ್ಟ್ರಾನ್‌ಗಳ ಸಂಖ್ಯೆ ಅಗಾಧವಾದ್ದರಿಂದ ಆ ಅಲ್ಪ ಕ್ಷೇತ್ರವೇ ಅವುಗಳಿಂದ ಸಾಕಷ್ಟು ಕರೆಂಟ್ ಹರಿಸುತ್ತದೆ. ರಂಧ್ರಗಳಾದರೋ ಕೆಲವೇ, ಅವುಗಳ ಮಟ್ಟಿಗೆ ಕ್ಷೇತ್ರದ ಎಳೆತವನ್ನು ಕೈಬಿಡಬಹುದು. ಅವುಗಳಿಗೆ ಉಳಿಯುವ ಚಲನೆ ವಿಸರಣೆ ಮಾತ್ರ: ದಟ್ಟಣೆ ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಹರಡುವುದು.

ಒಂದು ತೆಳು ಹೋಳಿನ ಲೆಕ್ಕ

ತೇರು ಮುಗಿದ ಮೇಲೆ ದೇವಸ್ಥಾನದ ಬಾಗಿಲಿನಿಂದ ರಥಬೀದಿಗೆ ಚೆದುರುವ ಜನರನ್ನು ನೆನೆಯಿರಿ. ಯಾರೂ ಯಾರನ್ನೂ ತಳ್ಳುತ್ತಿಲ್ಲ. ಸುಮ್ಮನೆ ಅತ್ತಿತ್ತ ಸುತ್ತುತ್ತಾ ಒಬ್ಬೊಬ್ಬರೇ ಬೀದಿಯ ಮನೆಗಳೊಳಗೆ ಸೇರಿಕೊಳ್ಳುತ್ತಾರೆ. ಬಾಗಿಲ ಬಳಿ ದಟ್ಟಣೆ ಹೆಚ್ಚು, ದೂರ ಹೋದಷ್ಟೂ ಕಡಿಮೆ. ಎನ್-ಪದರದಲ್ಲಿ ರಂಧ್ರಗಳ ಗತಿಯೂ ಇದೇ. ಅಲೆದಾಡುತ್ತಾ ಇದ್ದು, ಕೊನೆಗೆ ಒಂದು ಎಲೆಕ್ಟ್ರಾನ್ ಜೊತೆ ಕೂಡಿ ಇಲ್ಲವಾಗುತ್ತವೆ. ಇದು ಮರುಸಂಯೋಗ. ಒಂದು ರಂಧ್ರ ಸರಾಸರಿ ಎಷ್ಟು ಹೊತ್ತು ಉಳಿಯುತ್ತದೆ ಎಂಬುದೇ ಅದರ ಜೀವಿತಾವಧಿ, τ.

ಈಗ ಪದರದಿಂದ ಒಂದು ತೆಳು ಹೋಳನ್ನು ಮನಸ್ಸಿನಲ್ಲೇ ಕತ್ತರಿಸಿ. ಎಡದಿಂದ ಒಳಬಂದ ರಂಧ್ರಗಳಿಗೂ ಬಲದಿಂದ ಹೊರಹೋದವಕ್ಕೂ ಇರುವ ವ್ಯತ್ಯಾಸ, ಒಳಗೆ ಮರುಸಂಯೋಗವಾದವುಗಳ ಸಂಖ್ಯೆಗೆ ಸಮನಾಗಿರಬೇಕು. ವೋಲ್ಟೇಜ್ ಬದಲಾಗದೆ ನಿಂತಿರುವಾಗ ಬೇರೆ ದಾರಿಯಿಲ್ಲ. ಈ ಜಮಾಖರ್ಚನ್ನೇ ಗಣಿತದಲ್ಲಿ ಬರೆದರೆ:

D · d²Δp/dx² = Δp/τ

Δp ಎಂದರೆ ಸಹಜವಾಗಿ ಇರುವುದಕ್ಕಿಂತ ಹೆಚ್ಚಾಗಿ ಬಂದಿರುವ ರಂಧ್ರಗಳ ದಟ್ಟಣೆ. D ಅವುಗಳ ವಿಸರಣಾಂಕ. ದೂರ x ಅನ್ನು ಅಳೆಯಬೇಕಾದ್ದು ಸಂಧಿಯ ನಡುವಿನಿಂದಲ್ಲ, ತಡೆವಲಯ ಮುಗಿದು ತಟಸ್ಥ ವಲಯ ಶುರುವಾಗುವ ಅಂಚಿನಿಂದ. ಇಲ್ಲಿ ಎಡವಿದರೆ ಮುಂದಿನದೆಲ್ಲ ಜಾರುತ್ತದೆ. ಬೆಲ್ ಲ್ಯಾಬೊರೇಟರೀಸ್‌ನ ವಿಲಿಯಂ ಶಾಕ್ಲಿ 1949ರಲ್ಲಿ ಪ್ರಕಟಿಸಿದ ಪಿಎನ್ ಸಂಧಿಯ ಸಿದ್ಧಾಂತಕ್ಕೆ ಆಧಾರ ಇದೇ ಲೆಕ್ಕ.

ಎರಡು ಸಲ ಅವಕಲನ ಮಾಡಿದರೂ ತನ್ನ ರೂಪ ಬಿಡದ ಫಲನ ಬೇಕು. ಅದು ಘಾತಾಂಕ ಫಲನ. ಹಾಗಾಗಿ ಉತ್ತರದಲ್ಲಿ ಎರಡು ತುಂಡುಗಳಿರುತ್ತವೆ:

Δp(x) = A·e^(−x/L) + B·e^(x/L),  L = √(Dτ)

L ಅನ್ನು ವಿಸರಣಾ ದೂರ ಎನ್ನುತ್ತಾರೆ. ಪದರಕ್ಕೆ ಕೊನೆಯೇ ಇಲ್ಲದಿದ್ದರೆ ರಂಧ್ರವೊಂದು ಸಾಯುವ ಮುನ್ನ ಸರಾಸರಿ ಸಾಗುವ ದೂರ ಅದು. A, B ಎಷ್ಟು ಎಂಬುದನ್ನು ಮಾತ್ರ ಸಮೀಕರಣ ಹೇಳುವುದಿಲ್ಲ. ಅದನ್ನು ಪದರದ ಎರಡು ತುದಿಗಳನ್ನೇ ಕೇಳಬೇಕು.

ಮೊದಲ ತುದಿ

ತಡೆವಲಯದ ಅಂಚಿನಲ್ಲಿ ರಂಧ್ರಗಳ ದಟ್ಟಣೆಯನ್ನು ನಿರ್ಧರಿಸುವುದು ವೋಲ್ಟೇಜ್:

Δp(0) = p₀ (e^(V/V_T) − 1)

ಕೋಣೆಯ ಉಷ್ಣತೆಯಲ್ಲಿ V_T ಸುಮಾರು 0.0259 ವೋಲ್ಟ್. p₀ ಎಂದರೆ ಎನ್-ಬದಿಯಲ್ಲಿ ಸಹಜವಾಗಿ ಇರುವ ರಂಧ್ರಗಳು. ಇಲ್ಲಿ ಪಿ-ಬದಿಯ ಸಂಖ್ಯೆಯನ್ನು ಹಾಕಿಬಿಡುವುದು ವಿದ್ಯಾರ್ಥಿಗಳು ಸುಲಭವಾಗಿ ಮಾಡುವ ತಪ್ಪು.

ನಮ್ಮ ಡಯೋಡ್‌ನ ಎನ್-ಬದಿಯಲ್ಲಿ ಪ್ರತಿ ಘನ ಸೆಂಟಿಮೀಟರಿಗೆ 10¹⁶ ದಾನಿ ಪರಮಾಣುಗಳಿವೆ ಎನ್ನೋಣ. ಪಿ-ಬದಿಯ ಬೆರಕೆ ಅದಕ್ಕಿಂತ ಬಹಳ ಹೆಚ್ಚು, ಆದ್ದರಿಂದ ರಂಧ್ರಗಳ ಕರೆಂಟನ್ನಷ್ಟೇ ಎಣಿಸಿದರೆ ಸಾಕು. ಆಗ p₀ ಸುಮಾರು 10⁴, ಅಂದರೆ ಹತ್ತು ಸಾವಿರ. 0.6 ವೋಲ್ಟ್ ಕೊಟ್ಟರೆ ಘಾತಾಂಕದ ಬೆಲೆ 1.15 × 10¹⁰ ಆಗುತ್ತದೆ. ಅಂಚಿನಲ್ಲಿದ್ದ ಹತ್ತು ಸಾವಿರ ರಂಧ್ರಗಳು 1.15 × 10¹⁴ಕ್ಕೆ ಏರುತ್ತವೆ. ಇಷ್ಟಾದರೂ ಅವು ಅಲ್ಲಿನ ಎಲೆಕ್ಟ್ರಾನ್‌ಗಳ ನೂರರಲ್ಲಿ ಒಂದು ಪಾಲು ಮಾತ್ರ. ಅಲ್ಪಸಂಖ್ಯಾತರು ಅಲ್ಪಸಂಖ್ಯಾತರಾಗಿಯೇ ಉಳಿದಿದ್ದಾರೆ. ನಮ್ಮ ಸಮೀಕರಣ ನಿಂತಿರುವುದೇ ಆ ನಂಬಿಕೆಯ ಮೇಲೆ.

ಎರಡನೆಯ ತುದಿ

D ಪ್ರತಿ ಸೆಕೆಂಡಿಗೆ 10 ಚದರ ಸೆಂಟಿಮೀಟರ್, τ ಒಂದು ಮೈಕ್ರೋಸೆಕೆಂಡ್ ಎಂದಿಟ್ಟುಕೊಂಡರೆ L ಸುಮಾರು 32 ಮೈಕ್ರೋಮೀಟರ್. ದಪ್ಪ ಡಯೋಡ್‌ನ 300 ಮೈಕ್ರೋಮೀಟರ್ ಇದರ ಒಂಬತ್ತು ಪಟ್ಟಿಗಿಂತ ಹೆಚ್ಚು. ಹಿಂಬದಿಯ ಲೋಹ ಮುಟ್ಟುವ ಮೊದಲೇ ರಂಧ್ರಗಳೆಲ್ಲ ಮುಗಿದಿರುತ್ತವೆ. ದೂರ ಹೋದಷ್ಟೂ ಬೆಳೆಯುವ ಎರಡನೆಯ ತುಂಡಿಗೆ ಇಲ್ಲಿ ಅರ್ಥವಿಲ್ಲ, ಹಾಗಾಗಿ B ಸೊನ್ನೆ. ಉಳಿಯುವುದು ಸರಳ ಇಳಿಕೆ: ಒಂದು L ದೂರದಲ್ಲಿ ನೂರರಲ್ಲಿ 37, ಮೂರು L ದೂರದಲ್ಲಿ 5.

ಕರೆಂಟ್ ಎಂದರೆ ಅಂಚಿನಲ್ಲಿ ಈ ಗೆರೆಯ ಇಳಿಜಾರು:

J = q·D·Δp(0)/L

ಬೆಲೆಗಳನ್ನು ತುಂಬಿದರೆ ಚದರ ಸೆಂಟಿಮೀಟರಿಗೆ 0.058 ಆಂಪಿಯರ್. ಡಯೋಡ್‌ನ ವಿಸ್ತೀರ್ಣ ಒಂದು ಚದರ ಮಿಲಿಮೀಟರ್ ಆದರೆ 0.58 ಮಿಲಿಆಂಪಿಯರ್. ಒಳಗೆ ಹೋದಂತೆ ರಂಧ್ರಗಳ ಕರೆಂಟ್ ಕುಗ್ಗುತ್ತದೆ, ಆದರೆ ಒಟ್ಟು ಕರೆಂಟ್ ಕುಗ್ಗುವುದಿಲ್ಲ. ಮರುಸಂಯೋಗದಲ್ಲಿ ಖರ್ಚಾದ ಎಲೆಕ್ಟ್ರಾನ್‌ಗಳನ್ನು ತುಂಬಿಕೊಡಲು ಹಿಂಬದಿಯ ಲೋಹದಿಂದ ಹೊಸವು ಬರುತ್ತಲೇ ಇರುತ್ತವೆ.

ಈಗ 5 ಮೈಕ್ರೋಮೀಟರ್ ಪದರಕ್ಕೆ ಬನ್ನಿ. ಇಲ್ಲಿ ರಂಧ್ರಗಳು ಜೀವಂತವಾಗಿಯೇ ಲೋಹದವರೆಗೆ ಬಂದುಬಿಡುತ್ತವೆ. ಮಾಮೂಲಿ ಲೋಹದ ಸಂಪರ್ಕದಲ್ಲಿ ಮರುಸಂಯೋಗ ಎಷ್ಟು ಬಿರುಸೆಂದರೆ ಅಲ್ಲಿ ಹೆಚ್ಚುವರಿ ರಂಧ್ರಗಳು ಉಳಿಯುವುದೇ ಇಲ್ಲ. ಎರಡನೆಯ ಗಡಿ, x = W ಆದಾಗ Δp = 0. ಈ ಸಲ B ಸೊನ್ನೆಯಲ್ಲ. ಎರಡೂ ತುಂಡುಗಳು ಸೇರಿ ಹೀಗಾಗುತ್ತವೆ:

Δp(x) = Δp(0) · sinh((W − x)/L) / sinh(W/L)

ನೋಡಲು ಗಡುಸಾದರೂ W ಚಿಕ್ಕದಾಗಿದ್ದಾಗ ಇದು ಹೆಚ್ಚುಕಡಿಮೆ ನೇರ ಗೆರೆ. ಒಂದು ತುದಿಯಲ್ಲಿ Δp(0), ಇನ್ನೊಂದು ತುದಿಯಲ್ಲಿ ಸೊನ್ನೆ. 32 ಮೈಕ್ರೋಮೀಟರ್ ಪ್ರಮಾಣದಲ್ಲಿ ಇಳಿಯುತ್ತಿದ್ದ ಗೆರೆ 5 ಮೈಕ್ರೋಮೀಟರಿನಲ್ಲೇ ನೆಲ ಮುಟ್ಟಬೇಕು. ಇಳಿಜಾರು ಆರು ಪಟ್ಟಿಗಿಂತ ಕಡಿದಾಗುತ್ತದೆ, ಕರೆಂಟ್ 3.7 ಮಿಲಿಆಂಪಿಯರಿಗೆ ಏರುತ್ತದೆ. ಸೂತ್ರದಲ್ಲಿ L ಇದ್ದ ಜಾಗಕ್ಕೆ W ಬಂದು ಕೂತಿದೆ, ಅಷ್ಟೇ. τ ಎಷ್ಟಿದ್ದರೂ ಈ ಕರೆಂಟಿಗೆ ಹೆಚ್ಚೇನೂ ವ್ಯತ್ಯಾಸವಿಲ್ಲ, ಏಕೆಂದರೆ ದಾರಿಯಲ್ಲಿ ಸಾಯುವ ರಂಧ್ರಗಳು ನೂರರಲ್ಲಿ ಒಂದರಷ್ಟು ಮಾತ್ರ. ಟ್ರಾನ್ಸಿಸ್ಟರಿನ ಬೇಸ್ ಪದರವನ್ನು ತೆಳ್ಳಗೆ ಮಾಡುವುದೂ ಇದಕ್ಕೇ: ಒಳಬಂದ ವಾಹಕಗಳಲ್ಲಿ ಬಹುಪಾಲು ಇನ್ನೊಂದು ಬದಿ ಸೇರಬೇಕು.

ಕೂಡಿಟ್ಟ ಆವೇಶ

ಉತ್ತರ ಸರಿಯೇ ಎಂದು ಇನ್ನೊಂದು ದಾರಿಯಿಂದ ನೋಡಬಹುದು. ದಪ್ಪ ಡಯೋಡ್‌ನ ಗೆರೆಯ ಕೆಳಗಿನ ವಿಸ್ತೀರ್ಣವೇ ಪದರದಲ್ಲಿ ಕೂಡಿರುವ ಆವೇಶ: q·Δp(0)·L. ಇದು ಚದರ ಸೆಂಟಿಮೀಟರಿಗೆ 58 ನ್ಯಾನೋಕೂಲಂಬ್. ಅಷ್ಟೂ ಆವೇಶ ಒಂದು ಮೈಕ್ರೋಸೆಕೆಂಡಿನ ಜೀವಿತಾವಧಿಯಲ್ಲಿ ಬದಲಾಗುತ್ತಿರಬೇಕು. ಭಾಗಿಸಿದರೆ ಮತ್ತೆ 0.058 ಆಂಪಿಯರ್. ಎರಡು ದಾರಿಗಳ ಉತ್ತರ ತಾಳೆಯಾಗದಿದ್ದರೆ ಎಲ್ಲೋ ಗಡಿ ತಪ್ಪಿದೆ ಎಂದೇ ಅರ್ಥ.

ತೆಳು ಡಯೋಡ್‌ನಲ್ಲಿ ಈ ಆವೇಶ ಹನ್ನೆರಡನೇ ಒಂದು ಪಾಲಿಗೂ ಕಡಿಮೆ, ಕರೆಂಟ್ ಮಾತ್ರ ಆರು ಪಟ್ಟು. ವೋಲ್ಟೇಜನ್ನು ಥಟ್ಟನೆ ಉಲ್ಟಾ ಮಾಡಿದಾಗ ಈ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಕೂಡಿಟ್ಟ ರಂಧ್ರಗಳು ಖಾಲಿಯಾಗುವವರೆಗೂ ಡಯೋಡ್ ಮುಚ್ಚಿಕೊಳ್ಳುವುದಿಲ್ಲ; ಅಷ್ಟು ಹೊತ್ತು ಹಿಮ್ಮುಖ ಕರೆಂಟ್ ಹರಿಯುತ್ತದೆ. ಬೇಗ ಮುಚ್ಚಬೇಕಾದ ಡಯೋಡ್‌ಗಳ ಸಿಲಿಕಾನ್‌ನಲ್ಲಿ ಚಿನ್ನದ ಇಲ್ಲವೇ ಪ್ಲಾಟಿನಂ ಪರಮಾಣುಗಳನ್ನು ಹಾಯಿಸಿ τ ಅನ್ನು ಬೇಕೆಂದೇ ಇಳಿಸುವುದು ಇದಕ್ಕಾಗಿ.

ಎಲ್ಲಿಯವರೆಗೆ ನಂಬಬಹುದು

ಅದೇ ಡಯೋಡ್‌ಗೆ ಸೂತ್ರದಲ್ಲಿ 0.8 ವೋಲ್ಟ್ ಹಾಕಿ ನೋಡಿ. Δp(0) 10¹⁷ ದಾಟುತ್ತದೆ, ಅಂದರೆ ಅಲ್ಲಿನ ದಾನಿ ಪರಮಾಣುಗಳಿಗಿಂತ ರಂಧ್ರಗಳೇ ಹೆಚ್ಚು ಎಂದಾಗುತ್ತದೆ. ಕ್ಷೇತ್ರವನ್ನು ಕೈಬಿಡಲು ನಾವು ಕೊಟ್ಟ ಕಾರಣ ಅಲ್ಲಿಗೆ ಬಿದ್ದುಹೋಯಿತು. 0.7 ವೋಲ್ಟಿನಲ್ಲೇ ರಂಧ್ರಗಳು ಎಲೆಕ್ಟ್ರಾನ್‌ಗಳ ಅರ್ಧದಷ್ಟಾಗುವುದರಿಂದ ಎಚ್ಚರ ಅಲ್ಲಿಂದಲೇ ಬೇಕು. ಇನ್ನೊಂದು ಕಡೆ, ವೋಲ್ಟೇಜ್ ತೀರಾ ಕಡಿಮೆಯಿದ್ದಾಗ ತಡೆವಲಯದ ಒಳಗೇ ನಡೆಯುವ ಮರುಸಂಯೋಗದ ಕರೆಂಟ್ ಮೇಲುಗೈ ಪಡೆಯುತ್ತದೆ. ನಮ್ಮ ಲೆಕ್ಕ ಅದನ್ನು ಎಣಿಸಿಯೇ ಇಲ್ಲ.

ಇದನ್ನು ಪತ್ತೆಮಾಡಲು ದುಬಾರಿ ಉಪಕರಣ ಬೇಡ. ವೋಲ್ಟೇಜನ್ನು ಸ್ವಲ್ಪಸ್ವಲ್ಪವೇ ಏರಿಸುತ್ತಾ ಕರೆಂಟನ್ನು ಅಳೆದು, ಕರೆಂಟಿನ ಲಾಗರಿದಮ್ಮನ್ನು ವೋಲ್ಟೇಜಿಗೆ ಎದುರಾಗಿ ಗ್ರಾಫ್ ಹಾಳೆಯಲ್ಲಿ ಗುರುತಿಸಿ. ಪ್ರತಿ 60 ಮಿಲಿವೋಲ್ಟ್‌ಗೆ ಕರೆಂಟ್ ಹತ್ತು ಪಟ್ಟಾಗುವ ನೇರ ಭಾಗವೇ ನಮ್ಮ ಸಮೀಕರಣದ ಸೀಮೆ. ಕೆಳಗೂ ಮೇಲೂ ಹತ್ತು ಪಟ್ಟಿಗೆ ಬೇಕಾಗುವ ವೋಲ್ಟೇಜ್ 120 ಮಿಲಿವೋಲ್ಟಿನತ್ತ ಸರಿಯುತ್ತದೆ. ಇನ್ನೂ ಮೇಲೆ ರೆಸಿಸ್ಟೆನ್ಸ್ ಗೆರೆಯನ್ನು ಬಾಗಿಸುತ್ತದೆ. ಆದರೆ ನೇರ ಭಾಗದ ಇಳಿಜಾರು ದಪ್ಪ ಡಯೋಡಿಗೂ ತೆಳು ಡಯೋಡಿಗೂ ಒಂದೇ. ಬೇರೆಯಾಗುವುದು ಗೆರೆಯ ಎತ್ತರ, ಅದನ್ನು ನಿರ್ಧರಿಸುವುದು L ಮತ್ತು W ಇವೆರಡರಲ್ಲಿ ಯಾವುದು ಚಿಕ್ಕದೋ ಅದು. ಹಾಗಾಗಿ ಸೂತ್ರಕ್ಕೆ ಕೈಹಾಕುವ ಮೊದಲು ಮಾಡಬೇಕಾದ ಕೆಲಸ ಆ ಎರಡು ದೂರಗಳನ್ನು ಪಕ್ಕಪಕ್ಕ ಇಟ್ಟು ನೋಡುವುದು.